ಅಲ್ಲಿ ಭಾನುವಾರ, ಇಲ್ಲಿ ಸೋಮವಾರ: ಕೆಲಸದ ದಿನ ಎಣಿಸುವುದು ಯಾರ ಲೆಕ್ಕದಲ್ಲಿ?

ಪೆಸಿಫಿಕ್ ಸಾಗರದ ಪುಟ್ಟ ದೇಶ ಸಮೋವಾದಲ್ಲಿ 2011ರ ಡಿಸೆಂಬರ್ 29 ಗುರುವಾರವಾಗಿತ್ತು. ಆ ರಾತ್ರಿ ಗಡಿಯಾರ ಹನ್ನೆರಡು ಹೊಡೆದ ಮರುಕ್ಷಣ ಅಲ್ಲಿ ಡಿಸೆಂಬರ್ 31, ಶನಿವಾರ ಶುರುವಾಯಿತು. ನಡುವಿನ ಶುಕ್ರವಾರ ಆ ದೇಶಕ್ಕೆ ಬರಲೇ ಇಲ್ಲ. ಇಲ್ಲದ ಆ ದಿನ ಕೆಲಸಕ್ಕೆ ಬರಬೇಕಿದ್ದವರಿಗೆ ಪೂರ್ತಿ ಸಂಬಳ ಕೊಡಬೇಕೆಂದು ಸರ್ಕಾರ ಕಟ್ಟಪ್ಪಣೆ ಮಾಡಿತ್ತು. ಎರಡು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಆ ದೇಶ ಕ್ಯಾಲೆಂಡರಿನ ಒಂದು ದಿನವನ್ನು ಹೀಗೆ ಬಿಟ್ಟುಕೊಟ್ಟಿದ್ದು ವ್ಯಾಪಾರಕ್ಕಾಗಿ. ವಾರಕ್ಕೆ ಎರಡು ಕೆಲಸದ ದಿನ ಕೈತಪ್ಪಿ ಹೋಗುತ್ತಿವೆ ಎಂಬುದು ಆಗಿನ ಪ್ರಧಾನಿ ಟುಇಲಾಎಪಾ ಸೈಲೆಲೆ ಮಾಲಿಎಲೆಗಾಯ್ ಅವರ ದೂರು.

ಸಮೋವಾ ನೆಂಟಸ್ತಿಕೆ, ವಹಿವಾಟು ಎರಡನ್ನೂ ಬೆಳೆಸಿಕೊಂಡಿರುವುದು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳ ಜೊತೆ. ಲಕ್ಷಕ್ಕೂ ಹೆಚ್ಚು ಸಮೋವಾ ಮೂಲದವರು ನ್ಯೂಜಿಲೆಂಡಿನಲ್ಲಿದ್ದಾರೆ. ಅವರು ಊರಿಗೆ ಕಳಿಸುವ ಹಣ, ಅಲ್ಲಿಂದ ಬರುವ ಸಾಮಾನು, ಪ್ರವಾಸಿಗರು ಎಲ್ಲ ಆ ದಿಕ್ಕಿನಿಂದಲೇ. ಆ ಎರಡು ದೇಶಗಳ ಅಗ್ಗದ ಹಳೆಯ ಕಾರುಗಳನ್ನು ತರಿಸಿಕೊಳ್ಳಲು ಅನುಕೂಲವಾಗಲೆಂದು 2009ರಲ್ಲಿ ಸಮೋವಾ ರಸ್ತೆಯ ಬಲಬದಿಯ ಸಂಚಾರವನ್ನೇ ಎಡಬದಿಗೆ ಬದಲಿಸಿತ್ತು. ಎರಡು ವರ್ಷದ ನಂತರ ಕ್ಯಾಲೆಂಡರಿನ ಸರದಿ ಬಂತು.

ಇಪ್ಪತ್ಮೂರು ಗಂಟೆಯ ನೆರೆಹೊರೆ

ಬದಲಾವಣೆಗೆ ಮೊದಲು ಸಮೋವಾದ ರಾಜಧಾನಿ ಏಪಿಯಾ ನಗರದ ಗಡಿಯಾರ ನ್ಯೂಜಿಲೆಂಡಿನ ಆಕ್ಲೆಂಡ್ ಗಡಿಯಾರಕ್ಕಿಂತ 23 ಗಂಟೆ ಹಿಂದಿತ್ತು. ಮುಳ್ಳು ನೋಡಿದರೆ ಒಂದೇ ಗಂಟೆಯ ವ್ಯತ್ಯಾಸ. ಏಪಿಯಾದಲ್ಲಿ ಬೆಳಿಗ್ಗೆ ಒಂಬತ್ತಾದರೆ ಆಕ್ಲೆಂಡಿನಲ್ಲಿ ಎಂಟು. ಆದರೆ ವಾರ ಮಾತ್ರ ಬೇರೆ. ಏಪಿಯಾದ ಸೋಮವಾರ ಆಕ್ಲೆಂಡಿನವರಿಗೆ ಮಂಗಳವಾರ.

ಇದರ ಪರಿಣಾಮ ನೋಡಿ. ಏಪಿಯಾದ ಅಂಗಡಿಯವರು ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಆಕ್ಲೆಂಡಿನ ಸಗಟು ವ್ಯಾಪಾರಿಗೆ ಒಂದು ಆರ್ಡರ್ ಕಳಿಸುತ್ತಾರೆ. ಅಲ್ಲಿ ಅದಾಗಲೇ ಶನಿವಾರ ಬೆಳಿಗ್ಗೆ ಎಂಟು, ಆಫೀಸಿಗೆ ಬೀಗ. ಆಕ್ಲೆಂಡಿನವರು ಸೋಮವಾರ ಬೆಳಿಗ್ಗೆ ಕಚೇರಿ ತೆರೆದು, ಯಾವ ಅಳತೆಯದು ಬೇಕು ಎಂದು ಕೇಳಿ ಮರುಪತ್ರ ಹಾಕುತ್ತಾರೆ. ಆ ಹೊತ್ತಿಗೆ ಏಪಿಯಾದಲ್ಲಿ ಭಾನುವಾರ; ಊರಿಗೆ ಊರೇ ಚರ್ಚಿನಲ್ಲಿ. ಏಪಿಯಾದವರು ತಮ್ಮ ಸೋಮವಾರ ಬೆಳಿಗ್ಗೆ ಅಳತೆ ತಿಳಿಸಿದಾಗ ಆಕ್ಲೆಂಡಿನಲ್ಲಿ ಮಂಗಳವಾರ. ಒಂದೇ ಒಂದು ಪ್ರಶ್ನೆ, ಒಂದೇ ಒಂದು ಉತ್ತರ. ಅಷ್ಟಕ್ಕೆ ಮೂರು ದಿನ ಕಳೆದವು.

ವಾರವನ್ನು ಪಕ್ಕಪಕ್ಕದಲ್ಲಿಟ್ಟರೆ ಸಂಗತಿ ಇನ್ನೂ ಸ್ಪಷ್ಟ. ಆಕ್ಲೆಂಡಿನ ಸೋಮವಾರಕ್ಕೆ ಏಪಿಯಾದಲ್ಲಿ ರಜೆ, ಏಪಿಯಾದ ಶುಕ್ರವಾರಕ್ಕೆ ಆಕ್ಲೆಂಡಿನಲ್ಲಿ ರಜೆ. ಇಬ್ಬರೂ ವಾರಕ್ಕೆ ಐದು ದಿನ ಕೆಲಸ ಮಾಡಿದರೂ ಜೊತೆಯಾಗಿ ಸಿಗುವುದು ನಾಲ್ಕೇ ದಿನ. ಏಪಿಯಾದಲ್ಲಿ ಸೋಮವಾರ ಏನಾದರೂ ಸಾರ್ವಜನಿಕ ರಜೆ ಬಂದರೆ ಆಕ್ಲೆಂಡಿನ ಮಂಗಳವಾರವೂ ಹೋಯಿತು, ಉಳಿದದ್ದು ಮೂರು. ಬದಲಾವಣೆಯ ನಂತರ ಏಪಿಯಾ ಆಕ್ಲೆಂಡಿಗಿಂತ ಒಂದು ಗಂಟೆ ಮುಂದಾಯಿತು. ಶುಕ್ರವಾರ ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಶುಕ್ರವಾರ ಮಧ್ಯಾಹ್ನದೊಳಗೆ ಉತ್ತರ ಬರುವಂತಾಯಿತು.

ಯಾರೂ ಎಳೆಯದ ರೇಖೆ

ಒಂದು ದೇಶ ತನ್ನ ವಾರವನ್ನು ತಾನೇ ಬದಲಿಸಿಕೊಳ್ಳಲು ಸಾಧ್ಯವೇ? ಸಾಧ್ಯ. ಭೂಪಟದಲ್ಲಿ ಪೆಸಿಫಿಕ್ ಸಾಗರದ ನಡುವೆ, ಸುಮಾರು 180 ಡಿಗ್ರಿ ರೇಖಾಂಶದ ಗುಂಟ ಅಂಕುಡೊಂಕಾಗಿ ಇಳಿಯುವ ಅಂತಾರಾಷ್ಟ್ರೀಯ ದಿನರೇಖೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ರೇಖೆಯನ್ನು ಯಾವ ಅಂತಾರಾಷ್ಟ್ರೀಯ ಒಪ್ಪಂದವೂ ನಿಗದಿ ಮಾಡಿಲ್ಲ. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಸಮ್ಮೇಳನ ಗ್ರೀನಿಚ್ ರೇಖಾಂಶವನ್ನು ಸೊನ್ನೆ ಎಂದು ಒಪ್ಪಿತೇ ಹೊರತು ದಿನ ಎಲ್ಲಿ ಬದಲಾಗಬೇಕು ಎಂದು ಹೇಳಲಿಲ್ಲ. ಪ್ರತಿ ದೇಶವೂ ತನ್ನ ಗಡಿಯಾರ ಮತ್ತು ಕ್ಯಾಲೆಂಡರನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ನಕ್ಷೆ ಮಾಡುವವರು ಆ ನಿರ್ಧಾರಗಳನ್ನು ನೋಡಿಕೊಂಡು ಗೆರೆ ಬಗ್ಗಿಸುತ್ತಾರೆ.

ನಿರ್ಧಾರದ ಹಿಂದೆ ಹೆಚ್ಚಾಗಿ ಇರುವುದು ವ್ಯಾಪಾರವೇ. ಸಮೋವಾ 1892ಕ್ಕೆ ಮುನ್ನ ಏಷ್ಯಾ ಕಡೆಯ ದಿನವನ್ನೇ ಪಾಲಿಸುತ್ತಿತ್ತು. ಆ ವರ್ಷ ಅಮೆರಿಕದ ವರ್ತಕರ ಒತ್ತಾಯಕ್ಕೆ ಮಣಿದು, ಜುಲೈ 4ರ ಸೋಮವಾರವನ್ನು ಎರಡು ಸಲ ಆಚರಿಸಿ ಅಮೆರಿಕದ ಕಡೆಯ ದಿನಕ್ಕೆ ಸೇರಿಕೊಂಡಿತು. 119 ವರ್ಷದ ನಂತರ ವ್ಯಾಪಾರದ ದಿಕ್ಕು ಬದಲಾಗಿತ್ತು, ಸಮೋವಾ ವಾಪಸು ಬಂತು. ಫಿಲಿಪ್ಪೀನ್ಸ್ ಸ್ಪೇನಿನ ಆಳ್ವಿಕೆಯಲ್ಲಿದ್ದಾಗ ಮೆಕ್ಸಿಕೋ ಮೂಲಕ ವ್ಯವಹರಿಸುತ್ತಿದ್ದುದರಿಂದ ಅಮೆರಿಕ ಖಂಡದ ದಿನವನ್ನೇ ಎಣಿಸುತ್ತಿತ್ತು. ಆ ನಂಟು ಕಡಿದ ಮೇಲೆ 1844ರ ಡಿಸೆಂಬರ್ 31 ಅನ್ನು ಬಿಟ್ಟು ಏಷ್ಯಾದ ನೆರೆಯವರ ಸಾಲಿಗೆ ಬಂತು.

ಕಿರಿಬಾಟಿಯದು ಇನ್ನೂ ವಿಚಿತ್ರ ಸ್ಥಿತಿ. ಆ ದೇಶದ ದ್ವೀಪಗಳು ದಿನರೇಖೆಯ ಎರಡೂ ಬದಿಗೆ ಚದುರಿದ್ದವು. ರಾಜಧಾನಿಯ ಕಚೇರಿಗಳಲ್ಲಿ ಸೋಮವಾರವಾದಾಗ ಪೂರ್ವದ ದ್ವೀಪಗಳ ಕಚೇರಿಗಳಲ್ಲಿ ಭಾನುವಾರ. ಒಂದೇ ಸರ್ಕಾರದ ಎರಡು ಕಚೇರಿಗಳು ವಾರಕ್ಕೆ ನಾಲ್ಕು ದಿನ ಮಾತ್ರ ಪರಸ್ಪರ ಮಾತಾಡಬಹುದಿತ್ತು. 1995ರ ಹೊಸ ವರ್ಷದ ಹೊತ್ತಿಗೆ ಕಿರಿಬಾಟಿ ತನ್ನ ಪೂರ್ವದ ದ್ವೀಪಗಳ ದಿನವನ್ನು ಮುಂದಕ್ಕೆ ತಂದು ಇಡೀ ದೇಶಕ್ಕೆ ಒಂದೇ ವಾರ ಮಾಡಿತು.

ಈ ಬದಲಾವಣೆಗಳಿಂದ ಇಂದು ಭೂಮಿಯ ಮೇಲೆ ಒಂದೊಂದು ವಾರವೂ ನಲವತ್ತೊಂಬತ್ತು ಗಂಟೆ ಬಾಳುತ್ತದೆ. ಕಿರಿಬಾಟಿಯ ಕಿರಿತಿಮಾತಿ ದ್ವೀಪದಲ್ಲಿ ಸೋಮವಾರ ಹುಟ್ಟುವಾಗ ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಮೂರೂವರೆ. ಅಮೆರಿಕನ್ ಸಮೋವಾದ ಪಾಗೋ ಪಾಗೋ ಪಟ್ಟಣದಲ್ಲಿ ಅದೇ ಸೋಮವಾರ ಮುಗಿಯುವಾಗ ನಮ್ಮಲ್ಲಿ ಮಂಗಳವಾರ ಸಂಜೆ ನಾಲ್ಕೂವರೆ. ಜನವಸತಿ ಇಲ್ಲದ ಒಂದೆರಡು ದ್ವೀಪಗಳನ್ನೂ ಸೇರಿಸಿದರೆ ಇನ್ನೊಂದು ಗಂಟೆ ಹೆಚ್ಚು. ಯಾವುದೇ ಮಂಗಳವಾರ ನಮ್ಮ ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆಯವರೆಗೆ ಪಾಗೋ ಪಾಗೋದಲ್ಲಿ ಸೋಮವಾರ, ಬೆಂಗಳೂರಿನಲ್ಲಿ ಮಂಗಳವಾರ, ಕಿರಿತಿಮಾತಿಯಲ್ಲಿ ಬುಧವಾರ. ಮೂರು ದಿನಗಳು ಒಟ್ಟಿಗೆ ನಡೆಯುವ ಒಂದು ಗಂಟೆ ಪ್ರತಿ ದಿನವೂ ಬರುತ್ತದೆ.

ಸಮೋವಾ ಜಿಗಿದಿತೆಂದ ಮಾತ್ರಕ್ಕೆ ತೊಡಕು ಮಾಯವಾಗಲಿಲ್ಲ, ಜಾಗ ಬದಲಿಸಿತು. ಪಾಗೋ ಪಾಗೋ ಏಪಿಯಾದಿಂದ ಸುಮಾರು 125 ಕಿಲೋಮೀಟರ್ ದೂರ. ಬೆಂಗಳೂರಿನಿಂದ ಮೈಸೂರಿಗಿಂತ ಕಡಿಮೆ. ಅದು ಅಮೆರಿಕದ ಅಧೀನದಲ್ಲಿರುವುದರಿಂದ ಅಮೆರಿಕದ ದಿನವನ್ನೇ ಉಳಿಸಿಕೊಂಡಿತು. 2011ರವರೆಗೆ ಎರಡೂ ಊರಿನಲ್ಲಿ ಒಂದೇ ವಾರವಿತ್ತು. ಈಗ ಏಪಿಯಾದಿಂದ ಸೋಮವಾರ ಹೊರಟ ಪುಟ್ಟ ವಿಮಾನ ಪಾಗೋ ಪಾಗೋದಲ್ಲಿ ಭಾನುವಾರ ಇಳಿಯುತ್ತದೆ.

ಬೆಂಗಳೂರು ಮತ್ತು ಕ್ಯಾಲಿಫೋರ್ನಿಯಾ

ನಮಗೆ ದಿನರೇಖೆ ದೂರ. ಆದರೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರು ಇದೇ ತೊಡಕನ್ನು ಪ್ರತಿ ವಾರ ಅನುಭವಿಸುತ್ತಾರೆ. ಬೇಸಿಗೆಯ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಬೆಂಗಳೂರಿನ ಸೋಮವಾರ ಬೆಳಿಗ್ಗೆ ಒಂಬತ್ತರ ಮೀಟಿಂಗಿಗೆ ಅಲ್ಲಿನವರು ಬೇಸಿಗೆಯಲ್ಲಿ ಭಾನುವಾರ ರಾತ್ರಿ ಎಂಟೂವರೆಗೆ ಕೂರಬೇಕು. ಅಲ್ಲಿನ ಶುಕ್ರವಾರದ ಇಡೀ ಕೆಲಸದ ಹೊತ್ತು ಇಲ್ಲಿ ಶುಕ್ರವಾರ ರಾತ್ರಿ ಒಂಬತ್ತೂವರೆಯಿಂದ ಶನಿವಾರ ಮುಂಜಾನೆ ಐದೂವರೆ. ಕ್ಯಾಲೆಂಡರಿನಲ್ಲಿ ಐದು ದಿನ ಜೊತೆಗಿದ್ದರೂ ಕೈಗೆ ಸಿಗುವುದು ಸಮೋವಾದ ಹಳೆಯ ನಾಲ್ಕೇ ದಿನ.

ಮೀಟಿಂಗಿನ ತೊಂದರೆಯನ್ನು ಹೇಗೋ ಸಹಿಸಬಹುದು. ಕರಾರಿನಲ್ಲಿ ಗಡುವು ಎಣಿಸಬೇಕಾದಾಗ ನಿಜವಾದ ಜಗಳ ಬರುತ್ತದೆ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ನೋಟಿಸ್ ತಲುಪಿದ ಎರಡು ಕೆಲಸದ ದಿನಗಳೊಳಗೆ ಉತ್ತರಿಸಬೇಕು ಎಂದು ಕರಾರಿದೆ. ಅದಕ್ಕಿಂತ ಹೆಚ್ಚಿನ ವಿವರ ಇಲ್ಲ. ಜುಲೈ ತಿಂಗಳ ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ ಕ್ಯಾಲಿಫೋರ್ನಿಯಾದ ಗ್ರಾಹಕ ಕಂಪನಿ ಇಮೇಲ್ ಕಳಿಸುತ್ತದೆ. ಬೆಂಗಳೂರಿನಲ್ಲಿ ಆಗ ಶನಿವಾರ ಬೆಳಗಿನ ಜಾವ ನಾಲ್ಕೂವರೆ.

ಗ್ರಾಹಕರ ಲೆಕ್ಕ ಹೀಗೆ: ಶುಕ್ರವಾರ ಕಳಿಸಿದೆವು, ಸೋಮವಾರ ಒಂದು, ಮಂಗಳವಾರ ಎರಡು. ಮಂಗಳವಾರ ಸಂಜೆ ಐದಕ್ಕೆ ಗಡುವು ಮುಗಿಯಿತು. ಅದು ನಮ್ಮ ಬುಧವಾರ ಬೆಳಗಿನ ಐದೂವರೆ.

ಬೆಂಗಳೂರಿನಲ್ಲಿ ಎಚ್ಚರಿಕೆಯ ಮ್ಯಾನೇಜರ್ ಒಬ್ಬರು ಬೇರೆ ರೀತಿ ಎಣಿಸುತ್ತಾರೆ. ನೋಟಿಸ್ ಶನಿವಾರ ಬಂದಿದೆ, ಸೋಮವಾರ ಒಂದು, ಮಂಗಳವಾರ ಎರಡು. ಹಾಗಾಗಿ ಮಂಗಳವಾರ ಸಂಜೆ ಆರರೊಳಗೆ ಉತ್ತರ ಹೋಗಬೇಕು. ಅವರ ಪಕ್ಕದ ಮೇಜಿನ ವಕೀಲೆಗೆ ಇದು ಒಪ್ಪಿಗೆಯಿಲ್ಲ. ರಜೆಯ ದಿನ ಬಂದ ನೋಟಿಸ್ ಮುಂದಿನ ಕೆಲಸದ ದಿನವಾದ ಸೋಮವಾರ ತಲುಪಿದಂತೆ. ಮಂಗಳವಾರ ಒಂದು, ಬುಧವಾರ ಎರಡು. ಬುಧವಾರ ಸಂಜೆ ಆರರವರೆಗೆ ಸಮಯವಿದೆ ಎನ್ನುತ್ತಾರೆ ಅವರು.

ಕಡೆಗೆ ಉತ್ತರ ಹೋದದ್ದು ಬೆಂಗಳೂರಿನ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದುಕೊಳ್ಳಿ. ಮ್ಯಾನೇಜರ್ ಪ್ರಕಾರ ಅದು ತಡ, ವಕೀಲೆಯ ಪ್ರಕಾರ ತಡವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ತಲುಪಿದಾಗ ಮಂಗಳವಾರ ರಾತ್ರಿ ಹತ್ತೂವರೆ. ಅಲ್ಲಿನ ಕ್ಯಾಲೆಂಡರಿನಲ್ಲಿ ಇನ್ನೂ ಮಂಗಳವಾರವೇ ಇದೆ! ಕೆಲಸದ ದಿನ ಸಂಜೆ ಐದಕ್ಕೆ ಮುಗಿಯುತ್ತದೆ ಎಂದರೆ ತಡ, ಮಧ್ಯರಾತ್ರಿಗೆ ಮುಗಿಯುತ್ತದೆ ಎಂದರೆ ತಡವಲ್ಲ. ಈ ನಾಲ್ಕು ಲೆಕ್ಕಗಳಲ್ಲಿ ಯಾವುದೂ ಕೂಡಿಸಿದ್ದರಲ್ಲಿ ತಪ್ಪಿಲ್ಲ. ಎಲ್ಲರೂ ಎರಡೇ ದಿನ ಎಣಿಸಿದ್ದಾರೆ, ಆದರೆ ಬೇರೆ ಬೇರೆ ಊರಿನ ದಿನಗಳನ್ನು.

ಇದಕ್ಕೆ ರಜಾದಿನಗಳನ್ನೂ ಸೇರಿಸಿ. ಸೆಪ್ಟೆಂಬರ್ ಮೊದಲ ಸೋಮವಾರ ಅಮೆರಿಕದಲ್ಲಿ ಕಾರ್ಮಿಕರ ದಿನದ ರಜೆ. ಆ ವಾರ ಗ್ರಾಹಕರ ಲೆಕ್ಕದ ಗಡುವು ಬುಧವಾರಕ್ಕೆ ಹೋಗುತ್ತದೆ, ಬೆಂಗಳೂರಿನದು ಇದ್ದಲ್ಲೇ ಇರುತ್ತದೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಕರ್ನಾಟಕದಲ್ಲಿ ರಜೆ, ಮುಂಬೈಯಲ್ಲಿಲ್ಲ, ಕ್ಯಾಲಿಫೋರ್ನಿಯಾದಲ್ಲೂ ಇಲ್ಲ. ನಮ್ಮ ಬ್ಯಾಂಕುಗಳು ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮುಚ್ಚಿದ್ದು ಉಳಿದ ಶನಿವಾರ ತೆರೆದಿರುತ್ತವೆ. ಅದೇ ರಸ್ತೆಯ ಸಾಫ್ಟ್‌ವೇರ್ ಕಚೇರಿಗೆ ಎಲ್ಲ ಶನಿವಾರವೂ ರಜೆ. ಒಂದೇ ಊರಿನೊಳಗೂ ಕೆಲಸದ ದಿನ ಒಂದೇ ಆಗಿರುವುದಿಲ್ಲ.

ಕಾನೂನು ಊರಿನ ಹೆಸರು ಕೇಳುತ್ತದೆ

ನಮ್ಮ ಪಂಚಾಂಗ ಕಟ್ಟುವವರು ಈ ವಿಷಯದಲ್ಲಿ ಮೊದಲಿನಿಂದಲೂ ಬಿಗಿ. ತಿಥಿ, ವಾರಗಳನ್ನು ಅವರು ಇಂಥ ಊರಿನ ಸೂರ್ಯೋದಯಕ್ಕೆ ಎಂದೇ ಲೆಕ್ಕ ಹಾಕುತ್ತಾರೆ. ಹಾಗಾಗಿ ಅಮೆರಿಕದ ಕನ್ನಡಿಗರ ಮನೆಯ ಏಕಾದಶಿ ಕೆಲವೊಮ್ಮೆ ಊರಿನ ಏಕಾದಶಿಗಿಂತ ಬೇರೆ ತಾರೀಕಿಗೆ ಬೀಳುತ್ತದೆ, ಅದಕ್ಕೆ ಯಾರೂ ಜಗಳವಾಡುವುದಿಲ್ಲ. ದಿನ ಎಂಬುದು ಒಂದು ಸ್ಥಳಕ್ಕೆ ಸೇರಿದ್ದು ಎಂಬ ಈ ತಿಳಿವಳಿಕೆಯನ್ನೇ ವ್ಯಾಪಾರದ ಕಾನೂನುಗಳೂ ಬಳಸುತ್ತವೆ.

ಭಾರತದ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಸೆಕ್ಷನ್ ಇಮೇಲಿನಂಥ ಎಲೆಕ್ಟ್ರಾನಿಕ್ ದಾಖಲೆಗಳ ಬಗ್ಗೆ ಹೇಳುತ್ತದೆ. ಇಬ್ಬರೂ ಬೇರೆ ರೀತಿ ಒಪ್ಪಿಕೊಂಡಿಲ್ಲದಿದ್ದರೆ, ದಾಖಲೆ ಕಳಿಸಿದವರ ವ್ಯವಹಾರ ಸ್ಥಳದಿಂದ ಹೊರಟಂತೆ, ಪಡೆಯುವವರ ವ್ಯವಹಾರ ಸ್ಥಳದಲ್ಲಿ ತಲುಪಿದಂತೆ. ಸರ್ವರ್ ಎಲ್ಲೇ ಇರಲಿ, ಮ್ಯಾನೇಜರ್ ಪ್ರವಾಸದಲ್ಲಿ ಎಲ್ಲಿಯಾದರೂ ಮೊಬೈಲ್ ನೋಡಲಿ, ಅದು ಮುಖ್ಯವಲ್ಲ. ಎಣಿಸುವ ಕ್ರಮಕ್ಕೆ 1897ರ ಸಾಮಾನ್ಯ ಖಂಡಗಳ ಕಾಯ್ದೆ ಇದೆ: ಒಂದು ದಿನದಿಂದ ಎಂದು ಬರೆದಿದ್ದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸಬೇಕು, ನ್ಯಾಯಾಲಯ ಅಥವಾ ಕಚೇರಿಯಲ್ಲಿ ಮಾಡಬೇಕಾದ ಕೆಲಸದ ಕೊನೆಯ ದಿನ ಅದು ಮುಚ್ಚಿದ್ದರೆ, ಮತ್ತೆ ತೆರೆದ ದಿನ ಮಾಡಿದರೆ ಸಾಕು. ಆದರೆ ಅದು ಕಾಯ್ದೆಗಳ ಅರ್ಥ ಹೇಳುವ ನಿಯಮ. ಇಬ್ಬರು ಖಾಸಗಿಯವರು ಮಾಡಿಕೊಂಡ ಕರಾರಿನಲ್ಲಿ ಅವರು ಬರೆದ ಮಾತೇ ಮೊದಲು.

ರಫ್ತು ವ್ಯಾಪಾರದಲ್ಲಿ ಈ ಮಾತನ್ನು ಬರೆದೇ ಇಟ್ಟಿದ್ದಾರೆ. ಕೊಡಗಿನ ಅಥವಾ ಚಿಕ್ಕಮಗಳೂರಿನ ಕಾಫಿಯನ್ನು ಎಲ್‌ಸಿ ಆಧಾರದ ಮೇಲೆ ಹೊರದೇಶಕ್ಕೆ ಕಳಿಸುವವರು ಯುಸಿಪಿ 600 ಎಂಬ ನಿಯಮಾವಳಿಯನ್ನು ಕೇಳಿರುತ್ತಾರೆ. ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯ ಈ ನಿಯಮಗಳು 2007ರಿಂದ ಜಾರಿಯಲ್ಲಿವೆ. ರಫ್ತುದಾರ ಒಪ್ಪಿಸಿದ ದಾಖಲೆ ಪತ್ರಗಳು ಸರಿಯಿವೆಯೇ ಎಂದು ನೋಡಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನಗಳ ಅವಕಾಶ. ಪತ್ರ ಒಪ್ಪಿಸಿದ ಮರುದಿನದಿಂದ ಎಣಿಕೆ. ಬ್ಯಾಂಕಿಂಗ್ ದಿನ ಎಂದರೆ ಆ ಕೆಲಸ ನಡೆಯಬೇಕಾದ ಸ್ಥಳದಲ್ಲಿ ಬ್ಯಾಂಕು ಎಂದಿನಂತೆ ತೆರೆದಿರುವ ದಿನ. ಕುವೈತಿನ ಬ್ಯಾಂಕು ಪತ್ರ ನೋಡುವುದಾದರೆ ಭಾನುವಾರವೂ ಎಣಿಕೆಗೆ ಬರುತ್ತದೆ, ಏಕೆಂದರೆ ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅದೇ ಪತ್ರ ಅಮೆರಿಕದ ಬ್ಯಾಂಕಿಗೆ ಹೋದರೆ ಭಾನುವಾರ ಲೆಕ್ಕಕ್ಕಿಲ್ಲ. ಎಲ್‌ಸಿಯ ಅವಧಿ ಮುಗಿಯುವುದು ಯಾವ ಊರಿನಲ್ಲಿ ಎಂಬುದನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನ ಬ್ಯಾಂಕಿನಲ್ಲಿ ಎಂದಿದ್ದರೆ ಕೊನೆಯ ದಿನ ಪತ್ರಗಳನ್ನು ಇಲ್ಲಿಯೇ ಕೊಟ್ಟರೆ ಸಾಕು. ಖರೀದಿದಾರನ ದೇಶದ ಬ್ಯಾಂಕಿನಲ್ಲಿ ಎಂದಿದ್ದರೆ ಆ ದಿನ ಪತ್ರಗಳು ಅಲ್ಲಿಗೆ ತಲುಪಿರಬೇಕು. ಕೊರಿಯರ್ ಹಿಡಿಯುವ ದಿನಗಳು ರಫ್ತುದಾರನ ತಲೆಯ ಮೇಲೆ.

ಭಾನುವಾರ ಸಂಜೆ ತೆರೆಯುವ ಸೋಮವಾರದ ಮಾರುಕಟ್ಟೆ

ಪರಸ್ಪರ ಒಪ್ಪಿದ ಒಂದು ಗಂಟೆಯನ್ನು ದಿನದ ಅಂಚಾಗಿ ಇಟ್ಟುಕೊಂಡು ಈ ಗೊಂದಲವನ್ನು ಪಳಗಿಸಿದ ಕ್ಷೇತ್ರವೆಂದರೆ ವಿದೇಶಿ ಕರೆನ್ಸಿ ಮಾರುಕಟ್ಟೆ. ಅಲ್ಲಿ ವ್ಯವಹಾರದ ದಿನ ಬದಲಾಗುವುದು ನ್ಯೂಯಾರ್ಕಿನ ಸಂಜೆ ಐದಕ್ಕೆ. ಭಾನುವಾರ ಸಂಜೆ ಆರಕ್ಕೆ ನ್ಯೂಯಾರ್ಕಿನಲ್ಲಿ ಒಬ್ಬರು ನ್ಯೂಜಿಲೆಂಡ್ ಡಾಲರ್ ಮಾರಿ ಅಮೆರಿಕದ ಡಾಲರ್ ಕೊಂಡರೆ, ಕಾಗದದಲ್ಲಿ ಅದು ಸೋಮವಾರದ ವ್ಯವಹಾರ. ಅವರ ಎದುರಿನ ವೆಲಿಂಗ್ಟನ್ ವ್ಯಾಪಾರಿಗೆ ಆಗ ನಿಜವಾಗಿಯೂ ಸೋಮವಾರ ಬೆಳಿಗ್ಗೆ. ಸ್ಪಾಟ್ ವ್ಯವಹಾರಗಳ ಹಣ ಸಾಮಾನ್ಯವಾಗಿ ಎರಡು ಕೆಲಸದ ದಿನಗಳ ನಂತರ ಕೈ ಬದಲಾಗುತ್ತದೆ, ಅಂದರೆ ಬುಧವಾರ. ಬ್ಯಾಂಕಿನವರು ಅದನ್ನು ವ್ಯಾಲ್ಯೂ ಡೇಟ್ ಎನ್ನುತ್ತಾರೆ.

ವ್ಯಾಲ್ಯೂ ಡೇಟ್ ದಿನ ಎರಡೂ ಕರೆನ್ಸಿಗಳ ಊರಿನಲ್ಲಿ ಬ್ಯಾಂಕು ತೆರೆದಿರಲೇಬೇಕು. ರೂಪಾಯಿ ಮತ್ತು ಡಾಲರಿನ ವ್ಯವಹಾರವಾದರೆ ಮುಂಬೈ ಮತ್ತು ನ್ಯೂಯಾರ್ಕ್ ಎರಡೂ ಕಡೆ. ಗುರುವಾರ ಡಾಲರ್ ಮಾರಿದ ರಫ್ತುದಾರರಿಗೆ ಸೋಮವಾರ ರೂಪಾಯಿ ಬರಬೇಕು. ಆ ಸೋಮವಾರ ಅಮೆರಿಕದಲ್ಲಿ ಕಾರ್ಮಿಕರ ದಿನವಾದರೆ, ನಮ್ಮ ಬ್ಯಾಂಕುಗಳು ತೆರೆದಿದ್ದರೂ ಹಣ ಬರುವುದು ಮಂಗಳವಾರ.

ದಿನಾಂಕ ಒಂದೇ ಆದರೂ ಗಂಟೆಗಳು ಬೇರೆ ಎಂಬುದು ಉಳಿದೇ ಇರುತ್ತದೆ. ವೆಲಿಂಗ್ಟನ್‌ನ ಬುಧವಾರ ಬೆಳಿಗ್ಗೆ ಒಂಬತ್ತು ಎಂದರೆ, ಅಮೆರಿಕದ ಬೇಸಿಗೆಯಲ್ಲಿ, ನ್ಯೂಯಾರ್ಕಿನ ಮಂಗಳವಾರ ಸಂಜೆ ಐದು. ಬೆಳಿಗ್ಗೆಯೇ ನ್ಯೂಜಿಲೆಂಡ್ ಡಾಲರ್ ಪಾವತಿಸಿದವರು ಅಮೆರಿಕದ ಡಾಲರಿಗಾಗಿ ನ್ಯೂಯಾರ್ಕಿನ ಬುಧವಾರ ಬೆಳಗಾಗುವವರೆಗೆ, ಸುಮಾರು ಹದಿನಾರು ಗಂಟೆ ಕಾಯಬೇಕು. ಆ ನಡುವೆ ಎದುರಿನ ಬ್ಯಾಂಕು ಮುಳುಗಿದರೆ?

ಅದು ಒಮ್ಮೆ ನಡೆದೇ ಹೋಯಿತು. 1974ರ ಜೂನ್ 26ರಂದು ಜರ್ಮನಿಯ ಕಲೋನ್ ನಗರದ ಹೆರ್‌ಷ್ಟಾಟ್ ಬ್ಯಾಂಕನ್ನು ಅಲ್ಲಿನ ನಿಯಂತ್ರಕರು ದಿನದ ವಹಿವಾಟು ಮುಗಿದ ಮೇಲೆ ಮುಚ್ಚಿಸಿದರು. ಬೇರೆ ಬ್ಯಾಂಕುಗಳು ಅಷ್ಟರಲ್ಲಿ ಅದಕ್ಕೆ ಜರ್ಮನಿಯ ಹಣ ಮಾರ್ಕ್ ಕೊಟ್ಟಾಗಿತ್ತು. ಅದಕ್ಕೆ ಬದಲಾಗಿ ಬರಬೇಕಿದ್ದ ಡಾಲರ್ ನ್ಯೂಯಾರ್ಕಿನಲ್ಲಿ ಇನ್ನೂ ಪಾವತಿಯಾಗಿರಲಿಲ್ಲ, ಏಕೆಂದರೆ ಅಲ್ಲಿನ ದಿನ ಮುಗಿಯಲು ಇನ್ನೂ ಹೊತ್ತಿತ್ತು. ಡಾಲರ್ ಬರಲೇ ಇಲ್ಲ. ಇಂಥ ನಷ್ಟದ ಭಯವನ್ನು ಬ್ಯಾಂಕ್ ವಲಯ ಇಂದಿಗೂ ಹೆರ್‌ಷ್ಟಾಟ್ ರಿಸ್ಕ್ ಎಂದೇ ಕರೆಯುತ್ತದೆ. ಎರಡೂ ಕಡೆಯ ಹಣ ಕೈಗೆ ಬಂದ ಹೊರತು ಯಾವ ಕಡೆಗೂ ಬಿಡದ ಸಿಎಲ್‌ಎಸ್ ಎಂಬ ವ್ಯವಸ್ಥೆ 2002ರಲ್ಲಿ ಕೆಲಸ ಶುರು ಮಾಡಿತು. ರೂಪಾಯಿ ಅದರ ಪಟ್ಟಿಯಲ್ಲಿಲ್ಲ.

ಕಂಪ್ಯೂಟರಿನಲ್ಲಿ 18:30 ಕಂಡರೆ

ಇಂದು ದಿನ ಎಣಿಸುವ ಕೆಲಸ ಬಹುಪಾಲು ಕಂಪ್ಯೂಟರಿನದು. ಅದು ಸಲೀಸಾಗಿ ತಪ್ಪುವ ಒಂದು ಜಾಗ ನಮ್ಮ ದೇಶದ ಪ್ರೋಗ್ರಾಮರುಗಳಿಗೆಲ್ಲ ಪರಿಚಿತ. ಬಿಲ್ಲಿನ ತಾರೀಕು 2024ರ ಮಾರ್ಚ್ 4, ಸೋಮವಾರ ಎಂದಿಟ್ಟುಕೊಳ್ಳಿ. ಅನೇಕ ತಂತ್ರಾಂಶಗಳು ಅದನ್ನು ಸೋಮವಾರ ಮಧ್ಯರಾತ್ರಿ ಸೊನ್ನೆ ಗಂಟೆ ಎಂದು ತಿಳಿದು, ಇಡೀ ಜಗತ್ತಿಗೆ ಸಾಮಾನ್ಯವಾದ ಯುಟಿಸಿ ಸಮಯಕ್ಕೆ ಬದಲಿಸಿ ಇಡುತ್ತವೆ. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ ಅದು ಹೀಗಾಗುತ್ತದೆ:

```
2024-03-03T18:30:00Z
```

ಕ್ಷಣವಾಗಿ ಇದು ಸರಿ. ಆದರೆ ಇನ್ನೊಂದು ಪ್ರೋಗ್ರಾಮು ಇದರಿಂದ ತಾರೀಕಿನ ಭಾಗವನ್ನಷ್ಟೇ ಕತ್ತರಿಸಿಕೊಂಡರೆ ಬಿಲ್ಲು ಮಾರ್ಚ್ 3ರ ಭಾನುವಾರಕ್ಕೆ ಜಾರುತ್ತದೆ. ಈಗ ಎರಡು ಕೆಲಸದ ದಿನ ಕೂಡಿಸಿ ನೋಡಿ:

```
=WORKDAY(DATE(2024,3,3),2)
=WORKDAY(DATE(2024,3,4),2)
```

ಎಕ್ಸೆಲ್‌ನಲ್ಲಿ ಮೊದಲನೆಯದಕ್ಕೆ ಮಾರ್ಚ್ 5ರ ಮಂಗಳವಾರ, ಎರಡನೆಯದಕ್ಕೆ ಮಾರ್ಚ್ 6ರ ಬುಧವಾರ ಬರುತ್ತದೆ. ಗ್ರಾಹಕರಿಗೆ ಒಂದು ದಿನ ಮೊದಲೇ ಬಾಕಿಯ ನೋಟಿಸ್ ಹೋಗುತ್ತದೆ. ಗಡುವಿನ ದಿನವೇ ಹೀಗೆ ಸೋಮವಾರದಿಂದ ಭಾನುವಾರಕ್ಕೆ ಜಾರಿ, ರಜೆ ಬಿದ್ದರೆ ಹಿಂದಿನ ಕೆಲಸದ ದಿನ ಎಂಬ ನಿಯಮವೂ ಇದ್ದರೆ, ಅದು ಶುಕ್ರವಾರಕ್ಕೆ ಹೋಗಿ ನಿಲ್ಲುತ್ತದೆ. ಮೂರು ದಿನದ ವ್ಯತ್ಯಾಸ. ಶನಿವಾರದ ತಾರೀಕು ಶುಕ್ರವಾರಕ್ಕೆ ಜಾರಿದರೆ ಎರಡಕ್ಕೂ ಒಂದೇ ಮಂಗಳವಾರ ಬಂದು ತಪ್ಪು ಕಾಣುವುದೇ ಇಲ್ಲ. ಹೀಗೆ ಒಮ್ಮೆ ಕಂಡು ಒಮ್ಮೆ ಅಡಗುವುದರಿಂದಲೇ ಈ ದೋಷ ವರ್ಷಗಟ್ಟಲೆ ಉಳಿಯುತ್ತದೆ. ಗುರುತು ಹಿಡಿಯುವುದು ಸುಲಭ: ಬರೀ ತಾರೀಕು ಇರಬೇಕಾದ ಕಡೆ 18:30 ಎಂಬ ಗಂಟೆ ಕಂಡರೆ ಅದು ಭಾರತದ ಮಧ್ಯರಾತ್ರಿ, ಮತ್ತು ಅದರ ಪಕ್ಕದಲ್ಲಿರುವ ತಾರೀಕು ಒಂದು ದಿನ ಹಿಂದಿನದು.

ಬಿಲ್ಲಿನ ತಾರೀಕು, ಗಡುವು, ಹುಟ್ಟಿದ ದಿನ ಇಂಥವನ್ನು ಗಂಟೆ ಸೇರಿಸದೆ ಬರೀ ತಾರೀಕಾಗಿಯೇ ಇಡಬೇಕು. ಇಮೇಲ್ ತಲುಪಿದ್ದು, ಹಣ ಪಾವತಿಯಾದದ್ದು ಮುಂತಾದ ಘಟನೆಗಳಿಗೆ ಕ್ಷಣದ ಜೊತೆಗೆ ಊರಿನ ಹೆಸರನ್ನೂ `Asia/Kolkata`, `Pacific/Apia` ಎಂಬಂತೆ ಇಡಬೇಕು. ಇಷ್ಟು ಗಂಟೆ ಮುಂದೆ, ಇಷ್ಟು ಹಿಂದೆ ಎಂಬ ಅಂಕೆ ಮಾತ್ರ ಸಾಲದು, ಏಕೆಂದರೆ ಸರ್ಕಾರಗಳು ಅದನ್ನು ಬದಲಿಸುತ್ತವೆ. 2011ರ ಡಿಸೆಂಬರ್ 29ರಿಂದ 31ರವರೆಗೆ ಎಷ್ಟು ಕೆಲಸದ ದಿನ ಎಂದು ಎಕ್ಸೆಲ್‌ನ NETWORKDAYS ಅನ್ನು ಕೇಳಿದರೆ ಅದು ಗುರುವಾರ, ಶುಕ್ರವಾರ ಸೇರಿಸಿ ಎರಡು ಎನ್ನುತ್ತದೆ. ಸಮೋವಾದಲ್ಲಿ ಇದ್ದದ್ದು ಒಂದೇ.

ಕರಾರಿನಲ್ಲಿ ಏನಿರಬೇಕು

ಹೊರದೇಶದವರ ಜೊತೆ ವ್ಯವಹರಿಸುವ ಸಣ್ಣ ಉದ್ಯಮಿ, ಮನೆಯಿಂದಲೇ ವಿದೇಶಿ ಗ್ರಾಹಕರಿಗೆ ಕೆಲಸ ಮಾಡಿಕೊಡುವ ಡಿಸೈನರ್, ಕಾಫಿ ಕಳಿಸುವ ಬೆಳೆಗಾರ, ಯಾರೇ ಆಗಲಿ ಕರಾರಿನಲ್ಲಿ ನಾಲ್ಕು ಸಂಗತಿಗಳನ್ನು ಹುಡುಕಬೇಕು. ಕೆಲಸದ ದಿನ ಯಾವ ಊರಿನದು? ಆ ದಿನ ಎಷ್ಟು ಗಂಟೆಗೆ ಮುಗಿಯುತ್ತದೆ? ನೋಟಿಸ್ ತಲುಪಿದ ದಿನ ಎಣಿಕೆಗೆ ಸೇರುತ್ತದೆಯೇ? ರಜಾಪಟ್ಟಿ ಒಂದೇ ಊರಿನದೋ, ಎರಡೂ ಊರಿನದೋ?

ನಾಲ್ಕಕ್ಕೂ ಒಂದೆರಡು ಸಾಲಿನಲ್ಲಿ ಉತ್ತರ ಬರೆಯಬಹುದು. ಕೆಲಸದ ದಿನವೆಂದರೆ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಎರಡೂ ಕಡೆ ಬ್ಯಾಂಕುಗಳು ತೆರೆದಿರುವ ದಿನ. ಅದು ಭಾರತೀಯ ಕಾಲಮಾನದ ಸಂಜೆ ಆರಕ್ಕೆ ಮುಗಿಯುತ್ತದೆ. ಆರರ ನಂತರ ಅಥವಾ ರಜೆಯ ದಿನ ತಲುಪಿದ್ದು ಮುಂದಿನ ಕೆಲಸದ ದಿನ ತಲುಪಿದಂತೆ. ತಲುಪಿದ ದಿನವನ್ನು ಬಿಟ್ಟು ಎಣಿಸಬೇಕು. ಮೇಲಿನ ಉದಾಹರಣೆಯ ಕರಾರಿನಲ್ಲಿ ಇಷ್ಟು ಇದ್ದಿದ್ದರೆ, ಶನಿವಾರ ಬೆಳಗಿನ ಜಾವದ ನೋಟಿಸ್ ಸೋಮವಾರ ತಲುಪಿದಂತಾಗಿ ಗಡುವು ಬುಧವಾರ ಸಂಜೆ ಆರಕ್ಕೆ ನಿಲ್ಲುತ್ತಿತ್ತು. ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಎರಡೂ ಊರಿನ ರಜೆ ಲೆಕ್ಕಕ್ಕೆ ತೆಗೆದುಕೊಂಡರೆ ಗಡುವು ಉದ್ದವಾಗುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ. ತುರ್ತು ಕೆಲಸವಾದರೆ ದಿನಗಳ ಮಾತೇ ಬಿಟ್ಟು 48 ಗಂಟೆ, 72 ಗಂಟೆ ಎಂದು ಬರೆಯಿಸುವುದು ಲೇಸು. ಗಂಟೆಗಳು ಎಲ್ಲ ಊರಿನಲ್ಲೂ ಒಂದೇ ಉದ್ದ. ಸಹಿ ಹಾಕುವ ಮೊದಲು ಈ ಸಾಲುಗಳು ಇವೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ ಎಂದು ಕೇಳಿ.